ಹೆಣ್ಣಿನ ತಂದೆಯ ನಾಲ್ಕು ಮಾತು

ನಿಶ್ಚಿತಾರ್ಥದಲ್ಲಿ ಲಗ್ನಪತ್ರಿಕೆ ಓದುವ ಮುನ್ನ ಹೆಣ್ಣಿನ ತಂದೆ ಆಡುವ ಸ್ವಾಗತದ ಮಾತು ಎರಡು ನಿಮಿಷ ಮೀರಬಾರದು. ತಾಂಬೂಲದ ತಟ್ಟೆ ಸಿದ್ಧವಾಗಿರುತ್ತದೆ, ಪುರೋಹಿತರು ಗಡಿಯಾರ ನೋಡುತ್ತಿರುತ್ತಾರೆ.

ಪರಿಚಯಿಸುವಾಗ ಮೊದಲು ಬೀಗರ ಕಡೆಯವರು, ಅವರಲ್ಲೂ ಹಿರಿಯರು. ಆಮೇಲೆ ಹುಡುಗನ ತಂದೆ ತಾಯಿ, ಇಬ್ಬರನ್ನೂ ಹೆಸರು ಹಿಡಿದು. 'ಮತ್ತು ಅವರ ಶ್ರೀಮತಿಯವರು' ಎಂದು ತಾಯಿಯನ್ನು ಕೊನೆಗೆ ಸೇರಿಸುವುದು ನನಗಂತೂ ಸರಿ ಕಾಣುವುದಿಲ್ಲ. ಸೋದರಮಾವನನ್ನು ಮರೆತರೆ ಊಟದ ಹೊತ್ತಿಗೆ ಅವರ ಮುಖವೇ ಹೇಳುತ್ತದೆ. ಅದಕ್ಕೇ ಹಿಂದಿನ ದಿನ ಬೀಗರಿಗೆ ಫೋನ್ ಮಾಡಿ, ಯಾರು ಯಾರು ಬರುತ್ತಾರೆ, ಹುಡುಗನಿಗೆ ಏನಾಗಬೇಕು ಎಂದು ಕೇಳಿ ಚೀಟಿಯಲ್ಲಿ ಬರೆದುಕೊಳ್ಳಬೇಕು.

ಹುದ್ದೆ, ಸಂಬಳ, ಸೈಟು, ಅಮೆರಿಕದ ವಿಷಯ ಬೇಡ. ಒಂದು ಕಡೆಯ ಪಟ್ಟಿ ಉದ್ದವಾದರೆ ಇನ್ನೊಂದು ಕಡೆಯವರು ಕುಳಿತಲ್ಲೇ ಕುಗ್ಗುತ್ತಾರೆ. ಹೆಸರು, ಊರು, ಸಂಬಂಧ ಸಾಕು. ಹೆಸರುಗಳನ್ನು ನೀವೇ ಸೇರಿಸಿಕೊಳ್ಳಿ:

"ಅರಸೀಕೆರೆಯಿಂದ ನಸುಕಿಗೇ ಹೊರಟು ಬಂದಿದ್ದೀರಿ, ಎಲ್ಲರಿಗೂ ನಮಸ್ಕಾರ. ಇವರು ಹುಡುಗನ ಅಜ್ಜಿ, ನಮಗೆಲ್ಲ ಹಿರಿಯರು. ಇವರು ನಮ್ಮ ಬೀಗರು, ಬೀಗಿತ್ತಿಯವರು. ಇವರು ಸೋದರಮಾವ. ನಮ್ಮ ಕಡೆ, ಇವರು ನನ್ನ ಅಣ್ಣ. ಮಗಳು ಕಾಲೇಜು ಓದಿದ್ದು ಇವರ ಮನೆಯಲ್ಲಿದ್ದುಕೊಂಡೇ. ಈಕೆ ನನ್ನ ಹೆಂಡತಿ, ಈ ದಿನದ ಸಿದ್ಧತೆಯೆಲ್ಲ ಇವಳದೇ. ಹಿರಿಯರು ಅಪ್ಪಣೆ ಕೊಟ್ಟರೆ ಪತ್ರಿಕೆ ಓದಿಸೋಣ."

ಅಜ್ಜಿಯ ಹೆಸರು ಬಂದಾಗ ಎದ್ದುಹೋಗಿ ನಮಸ್ಕರಿಸಿದರೆ ಇನ್ನೂ ಚೆಂದ. 'ಮಗಳು' ಎನ್ನುವಾಗ ಗಂಟಲು ಕಟ್ಟುವುದುಂಟು. ಆಗ ಚೀಟಿಯನ್ನು ಅಣ್ಣನ ಕೈಗೆ ಕೊಡಬಹುದು, ಯಾರೂ ತಪ್ಪು ತಿಳಿಯುವುದಿಲ್ಲ.