ಆಟ ಮುಗಿದ ಮೇಲೆ ಮನೆಯ ದಾರಿ

ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ರಾತ್ರಿಯ ಪಂದ್ಯವನ್ನು ನೋಡಲು ಕೃಷ್ಣರಾಜಪುರದಿಂದ ಹೊರಡುವ ಕುಟುಂಬಕ್ಕೆ ಹೋಗುವ ದಾರಿ ಬಹು ಸುಲಭ. 2023ರ ಅಕ್ಟೋಬರ್ 9ರಂದು ಬೈಯಪ್ಪನಹಳ್ಳಿಯವರೆಗಿನ ತುಂಡು ದಾರಿಯೂ ಕೂಡಿಕೊಂಡ ಮೇಲೆ, ನೇರಳೆ ಮಾರ್ಗದ ಮೆಟ್ರೋ ಹತ್ತಿದವರು ಇಂದಿರಾನಗರ, ಹಲಸೂರುಗಳನ್ನು ದಾಟಿ, ಎಂಟನೆಯ ನಿಲ್ದಾಣವಾದ ಕಬ್ಬನ್ ಪಾರ್ಕಿನಲ್ಲಿ ಇಳಿದರೆ ಕ್ರೀಡಾಂಗಣವು ಎದುರಿಗೇ ಇರುವುದು. ಕಷ್ಟವೆಲ್ಲ ಹಿಂದಿರುಗುವಾಗ.

ಕಾರಣವನ್ನು ಲೆಕ್ಕಹಾಕಿ ನೋಡಬಹುದು. ಮೂವತ್ತೈದು ಸಾವಿರ ಜನರಲ್ಲಿ ಎಂಟು ಸಾವಿರ ಮಂದಿ ಮಾತ್ರ ಪೂರ್ವದಿಕ್ಕಿಗೆ ಹೊರಟರೆಂದು ಇಟ್ಟುಕೊಳ್ಳೋಣ. ಆರು ಬೋಗಿಗಳ ಗಾಡಿ ಕಿಕ್ಕಿರಿದರೂ ಸುಮಾರು ಎರಡು ಸಾವಿರ ಜನರನ್ನು ಹೊರುವುದು. ಅದೂ ಖಾಲಿಯಾಗಿ ಬಂದರೆ. ಹತ್ತು ನಿಮಿಷಕ್ಕೊಂದು ಗಾಡಿಯೆಂದರೂ ಕಡೆಯವರ ಸರದಿ ಬರಲು ಅರ್ಧ ಗಂಟೆಗೂ ಮೀರುವುದು. ಅಷ್ಟರಲ್ಲಿ ನಿಲ್ದಾಣದ ಬಾಗಿಲಲ್ಲಿ ತಪಾಸಣೆಗೂ ಟಿಕೆಟ್ಟಿಗೂ ಜನ ಒತ್ತಾಗಿ ನಿಂತಿರುತ್ತಾರೆ.

ಆದುದರಿಂದ ಮರಳುವ ಟಿಕೆಟ್ಟು ಮೊದಲೇ ಕೈಯಲ್ಲಿರಬೇಕು. 2023ರ ಐ.ಪಿ.ಎಲ್. ಪಂದ್ಯಗಳ ದಿನ ಮೆಟ್ರೋದವರು 50 ರೂಪಾಯಿಯ ಕಾಗದದ ಟಿಕೆಟ್ಟನ್ನು ಮಧ್ಯಾಹ್ನದಿಂದಲೇ ಮಾರಿ, ಗಾಡಿಗಳನ್ನು ತಡರಾತ್ರಿಯವರೆಗೆ ಓಡಿಸಿದ್ದರು. ಕಡೆಯ ಗಾಡಿಯ ವೇಳೆಯನ್ನು ಆಯಾ ದಿನದ ಪ್ರಕಟಣೆಯಿಂದಲೇ ತಿಳಿಯತಕ್ಕದ್ದು.

ಅನೇಕರು ಗದ್ದಲಕ್ಕೆ ಅಂಜಿ ಮಹಾತ್ಮ ಗಾಂಧಿ ರಸ್ತೆಯ ನಿಲ್ದಾಣಕ್ಕೆ ನಡೆಯುತ್ತಾರೆ. ಬಾಗಿಲಿನ ಒತ್ತಡ ತಪ್ಪುವುದು ನಿಜ. ಆದರೆ ಪೂರ್ವಕ್ಕೆ ಹೋಗುವ ಗಾಡಿ ಕಬ್ಬನ್ ಪಾರ್ಕಿನಲ್ಲಿ ತುಂಬಿಯೇ ಅಲ್ಲಿಗೆ ಬರುವುದು! ಕಾಲಿಗೆ ಶಕ್ತಿಯಿರುವವರು ಇದಕ್ಕೆ ವಿರುದ್ಧವಾಗಿ ಪಶ್ಚಿಮಕ್ಕೆ ಹೊರಟು, ದೊಡ್ಡ ಅಂಚೆ ಕಚೇರಿಯನ್ನು ಹಾಯ್ದು, ಅಂಬೇಡ್ಕರ್ ವೀಧಿಯಲ್ಲಿ ವಿಧಾನಸೌಧದ ನಿಲ್ದಾಣವನ್ನು ಸೇರುವುದು ಮೇಲು. ಗಾಡಿಯು ಕಬ್ಬನ್ ಪಾರ್ಕನ್ನು ಮುಟ್ಟುವ ಮೊದಲೇ ಅಲ್ಲಿ ಹತ್ತಬಹುದು. ಮನೆಯಿಂದ ದೂರ ಸರಿದು ಮನೆಗೆ ಬೇಗ ಸೇರುವ ಈ ಉಪಾಯವನ್ನು ಮನೆಯ ಹಿರಿಯರು ಸುಲಭವಾಗಿ ಒಪ್ಪಲಾರರು. ಶಿವಾಜಿನಗರದ ಬಸ್ ನಿಲ್ದಾಣವೂ ನಡೆಯುವ ದೂರದಲ್ಲಿದೆ. ರಾತ್ರಿ ಹೆಚ್ಚಿದಂತೆ ಬಸ್ಸುಗಳು ವಿರಳವಾಗುವುದರಿಂದ ಅದನ್ನೊಂದೇ ನಂಬಕೂಡದು.

ಒಂದು ವಿಷಯವನ್ನು ಮರೆಯುವಂತಿಲ್ಲ. 2025ರ ಜೂನ್ 4ರಂದು ವಿಜಯೋತ್ಸವಕ್ಕೆ ನೆರೆದ ಜನಸಂದಣಿಯಲ್ಲಿ ಇದೇ ಕ್ರೀಡಾಂಗಣದ ಬಾಗಿಲುಗಳ ಬಳಿ ಕಾಲ್ತುಳಿತಕ್ಕೆ ಸಿಕ್ಕಿ ಹನ್ನೊಂದು ಮಂದಿ ಪ್ರಾಣ ಬಿಟ್ಟರು. ಅಂದು ಕಬ್ಬನ್ ಪಾರ್ಕ್, ವಿಧಾನಸೌಧಗಳೆರಡರಲ್ಲಿಯೂ ಗಾಡಿಗಳನ್ನು ನಿಲ್ಲಿಸದೆ ಬಿಟ್ಟರು. ಇಂಥ ದಿನ ಪಶ್ಚಿಮದ ಉಪಾಯವೂ ನಡೆಯದು. ಮಹಾತ್ಮ ಗಾಂಧಿ ರಸ್ತೆ, ಟ್ರಿನಿಟಿಗಳೆಂದು ಪೂರ್ವಕ್ಕೇ ನಡೆಯಬೇಕು. ಸಂದಣಿ ಅಪಾಯಕ್ಕೆ ತಿರುಗುವುದನ್ನು ದೇಹವೇ ತಿಳಿಸುವುದು: ನಾಲ್ಕು ಕಡೆಯಿಂದಲೂ ಮೈ ತಾಗಿ, ಕೈಯೆತ್ತಲು ಎಡೆಯಿಲ್ಲದೆ, ನಮ್ಮ ಹೆಜ್ಜೆ ನಮ್ಮ ವಶ ತಪ್ಪಿದರೆ, ಮುಂದೆ ನುಗ್ಗದೆ, ಎದೆಯ ಮುಂದೆ ಕೈಗಳನ್ನು ಮಡಿಸಿಕೊಂಡು, ಓರೆಯಾಗಿ ಅಂಚಿನ ಕಡೆಗೆ ಸರಿಯಬೇಕು. ಬಿದ್ದ ಚಪ್ಪಲಿಗಾಗಿ ಬಗ್ಗಬಾರದು. ಮಕ್ಕಳಿರುವ ಕುಟುಂಬದವರು ಬಾಗಿಲು ಬರಿದಾಗುವವರೆಗೆ ತಮ್ಮ ಆಸನಗಳಲ್ಲಿಯೇ ಕುಳಿತಿರಲಿ. ಜತೆ ತಪ್ಪಿದವರು ಬಂದು ಸೇರುವ ಸ್ಥಳವನ್ನು ಒಳಹೋಗುವ ಮುನ್ನವೇ, ಬಾಗಿಲಿನಿಂದ ದೂರದಲ್ಲಿ, ಗೊತ್ತುಮಾಡಿಕೊಂಡಿರಲಿ.