ಊದಿದ ಉಸಿರಿನ ಗೆರೆ: ಟಿಪ್ಪಣಿಗಳು

೧
ಕುರ್ಡಿಯಿಂದ ಬಂದ ಹೆಣ್ಣುಮಗಳು. ವಯಸ್ಸು 55ರ ಆಸುಪಾಸು. ಬೀಡಿ ಮುಟ್ಟಿದವರಲ್ಲ. ಮೂವತ್ತೆಂಟು ವರ್ಷ ಹತ್ತಿ ಕಟಿಗಿಯ ಒಲೆ, ದಿನಕ್ಕೆ ಮೂರು ತಾಸು. ಈಗ ಕೊಡ ಎತ್ತಿದರೆ ದಮ್ಮು.

೨
ರಾಯಚೂರಿನ ಪರೀಕ್ಷೆಯ ಕೋಣೆ. ಮೂಗಿಗೆ ಕ್ಲಿಪ್, ಬಾಯಿಗೆ ಕೊಳವೆ. "ಯಮ್ಮಾ, ಉಸಿರು ಪೂರ್ತಿ ತಗೋರಿ. ಈಗ ಒಮ್ಮೆಲೆ ಊದ್ರಿ. ಊದ್ರಿ, ಊದ್ರಿ, ಬಿಡಬ್ಯಾಡ್ರಿ." ಕೂಗುವುದೂ ಪರೀಕ್ಷೆಯ ಭಾಗ.

೩
ಪರದೆಯ ಮೇಲೆ ಒಂದು ಕುಣಿಕೆ. ಅಡ್ಡಗೆರೆಯಲ್ಲಿ ಹೊರಬಿದ್ದ ಗಾಳಿ, ಲೀಟರ್‌ಗಳಲ್ಲಿ. ನಿಲುಗೆರೆಯಲ್ಲಿ ಅದರ ವೇಗ, ಸೆಕೆಂಡಿಗೆ ಇಷ್ಟು ಲೀಟರ್ ಎಂದು. ಮೇಲಿನ ಅರ್ಧ ಊದಿದ್ದು, ಕೆಳಗಿನದು ಮತ್ತೆ ಒಳಗೆಳೆದದ್ದು.

೪
ಕುಣಿಕೆಗೆ ಸಮಯದ ಗೆರೆ ಇಲ್ಲ. ಕೊನೆಯ ಸ್ವಲ್ಪ ಗಾಳಿಗೆ ಆಕೆ ಐದಾರು ಸೆಕೆಂಡು ಒದ್ದಾಡಿದರು. ಕಾಗದದಲ್ಲಿ ಅದು ಬೆರಳಿನಗಲ.

೫
ಮೂರು ಸಲ ಊದಿಸಿದರು. ಎರಡನೆಯ ಸಲ ಆಕೆಗೆ ಸುಸ್ತಾಗಿತ್ತು. ತುದಿಯ ವೇಗ ಮೊದಲ ಸಲ 3.4, ಎರಡನೆಯ ಸಲ 2.3, ಮೂರನೆಯ ಸಲ 3.5. ಮೂರು ಗೆರೆಗಳನ್ನು ಒಂದರ ಮೇಲೊಂದು ಇಟ್ಟು ನೋಡಿದೆ. ತುದಿಗಳು ಬೇರೆ ಬೇರೆ. ಬಾಲಗಳು ಹೆಚ್ಚುಕಡಿಮೆ ಒಂದೇ.

ಬಹಳ ಹೊತ್ತು ಅದನ್ನೇ ನೋಡುತ್ತಿದ್ದೆ.

೬
ಮೊದಲ ಕಾಲು ಭಾಗ, ಹೆಚ್ಚೆಂದರೆ ಮೂರನೆಯ ಒಂದು ಭಾಗ, ಊದುವವರ ಬಲದ್ದು. ಜೋರಾಗಿ ಊದಿದರೆ ತುದಿ ಏರುತ್ತದೆ, ಅಳುಕಿದರೆ ಮೊಂಡಾಗುತ್ತದೆ. ಆಮೇಲಿನದು ಬಲದ ಮಾತು ಕೇಳುವುದಿಲ್ಲ, ಸಾಧಾರಣ ಜೋರು ಇದ್ದರೆ ಸಾಕು. ಅಮೆರಿಕದ ಹಯಾಟ್, ಶಿಲ್ಡರ್, ಫ್ರೈ ಇದನ್ನು 1958ರಲ್ಲಿ ಗೆರೆ ಎಳೆದು ತೋರಿಸಿದರು.

೭
ಕಾರಣ ಎದೆಗೂಡಿನಲ್ಲಿದೆ. ಊದುವಾಗ ಎದೆ ಗಾಳಿಚೀಲಗಳನ್ನು ಒತ್ತುತ್ತದೆ, ಅದೇ ಒತ್ತಡ ನಾಳಗಳನ್ನೂ ಹೊರಗಿನಿಂದ ಒತ್ತುತ್ತದೆ. ಗಾಳಿ ಬಾಯಿಯತ್ತ ಸಾಗುತ್ತಾ ನಾಳದ ಒಳಗಿನ ಒತ್ತಡ ಇಳಿಯುತ್ತದೆ. ಒಂದು ಜಾಗದಲ್ಲಿ ಒಳಗಿನದೂ ಹೊರಗಿನದೂ ಸಮ. ಅಲ್ಲಿಂದ ಮುಂದೆ ನಾಳ ಹಿಸುಕಿಕೊಳ್ಳುತ್ತದೆ. ಇನ್ನೂ ಜೋರಾಗಿ ಊದಿದರೆ ಇನ್ನೂ ಹಿಸುಕುತ್ತದೆ, ವೇಗ ಏರುವುದಿಲ್ಲ.

ಆಗ ಗಾಳಿಯನ್ನು ತಳ್ಳುವುದು ಶ್ವಾಸಕೋಶದ ಸ್ವಂತ ಸೆಳೆತ ಮಾತ್ರ. ತಡೆಯುವುದು ಸಮದ ಜಾಗಕ್ಕಿಂತ ಒಳಗಿರುವ ಸಣ್ಣ ನಾಳಗಳು. ಬಾಲ ಇವೆರಡರ ಲೆಕ್ಕ.

೮
ಇನ್ನೊಂದು ವಿಚಿತ್ರ. ಅಳುಕಿ ಊದಿದ ಗೆರೆಯ ಬಾಲ ಕೆಲವು ಕಡೆ ಜೋರಾಗಿ ಊದಿದ್ದಕ್ಕಿಂತ ತುಸು ಮೇಲಿತ್ತು. ಜೋರಾಗಿ ಊದಿದಾಗ ಒಳಗಿನ ಗಾಳಿಯೇ ಅದುಮಿಕೊಳ್ಳುತ್ತದೆ. ಬಾಯಿಯಿಂದ ಅಷ್ಟೇ ಗಾಳಿ ಹೊರಬಿದ್ದಿದ್ದರೂ ಶ್ವಾಸಕೋಶ ಆಗಲೇ ಹೆಚ್ಚು ಕುಗ್ಗಿರುತ್ತದೆ. ನಾಳ ಕಟ್ಟಿದವರಲ್ಲಿ ಇದು ಹೆಚ್ಚು.

೯
ಆರೋಗ್ಯವಂತರಲ್ಲಿ ತುದಿಯಿಂದ ಕೊನೆಯವರೆಗೆ ಇಳಿಜಾರು ಬಹುಮಟ್ಟಿಗೆ ನೇರ. ಈಕೆಯದು ತುದಿ ದಾಟಿದ ಕೂಡಲೇ ಕುಸಿದು, ಆಮೇಲೆ ಉದ್ದಕ್ಕೂ ಸಡಿಲಾದ ಬಟ್ಟೆ ಹಗ್ಗದಂತೆ ಜೋತಿತ್ತು. ಅರ್ಧ ಗಾಳಿ ಹೊರಬಿದ್ದ ಹೊತ್ತಿಗೆ ವೇಗ 0.6.

೧೦
ಜೋತದ್ದು ಹೇಳುವುದು ಇಷ್ಟು: ಎಲ್ಲ ಗಾಳಿಚೀಲಗಳೂ ಒಂದೇ ವೇಗದಲ್ಲಿ ಖಾಲಿಯಾಗುತ್ತಿಲ್ಲ. ಚೆನ್ನಾಗಿರುವವು ಮೊದಲು ಖಾಲಿ, ತುದಿ ಅವುಗಳದ್ದು. ಬಾಲದಲ್ಲಿ ಉಳಿಯುವುದು ಸೊರಗಿದ ನಾಳಗಳ ಹಿಂದೆ ಸಿಕ್ಕಿಬಿದ್ದ ಗಾಳಿ.

೧೧
ಒಟ್ಟು ಊದಿದ್ದು 2.1 ಲೀಟರ್. ಮೊದಲ ಸೆಕೆಂಡಿನಲ್ಲಿ 1.10. ಅನುಪಾತ 0.52. ಔಷಧ ಎಳೆದ ಮೇಲೂ 0.70ಕ್ಕಿಂತ ಕೆಳಗಿದ್ದರೆ ನಾಳ ಕಟ್ಟಿದೆ ಎಂದು ಲೆಕ್ಕ.

ಸಾಲ್ಬುಟಮಾಲ್ 400 ಮೈಕ್ರೋಗ್ರಾಂ ಎಳೆಸಿ, ಕಾಯಿಸಿ, ಮತ್ತೆ ಊದಿಸಿದರು. ಮೊದಲ ಸೆಕೆಂಡಿಗೆ 1.18. ಏರಿದ್ದು 80 ಮಿಲಿಲೀಟರ್. ಬಹುಕಾಲ ಬಳಸಿದ ಅಳತೆಯಲ್ಲಿ 12% ಮತ್ತು 200 ಮಿಲಿಲೀಟರ್ ಎರಡೂ ಏರಬೇಕು. ಬಾಲ ಜೋತೇ ಇತ್ತು.

೧೨
ಒಲೆಯ ಹೊಗೆಗೂ ಒಂದು ಲೆಕ್ಕವಿದೆ: ದಿನದ ತಾಸು ಗುಣಿಸು ವರ್ಷ. ಮೈಸೂರು ಜಿಲ್ಲೆಯ ಹಳ್ಳಿಗಳ ಹೆಣ್ಣುಮಕ್ಕಳ ಮೇಲಿನ ಅಧ್ಯಯನ (2013) ದೀರ್ಘಕಾಲದ ಕೆಮ್ಮು-ಕಫದ ರೋಗಕ್ಕೆ 60ರ ಗಡಿ ಗುರುತಿಸಿತು. ಈಕೆಯದು 114.

೧೩
ಕುಣಿಕೆಗೆ ಗೊತ್ತಿಲ್ಲದ್ದೂ ಇದೆ. ನಾಳದ ಗೋಡೆ ದಪ್ಪವಾಗಿದ್ದರೂ, ಕಫ ಕಟ್ಟಿದ್ದರೂ, ಶ್ವಾಸಕೋಶದ ಸೆಳೆತ ಹೋಗಿದ್ದರೂ ಬಾಲ ಹೀಗೇ ಜೋಲುತ್ತದೆ. ಅಸ್ತಮಾದಲ್ಲೂ ಜೋಲುತ್ತದೆ, ಆದರೆ ಅಲ್ಲಿ ಔಷಧ ಎಳೆದ ಮೇಲೆ ಅನೇಕ ಸಲ ತುಂಬಿಕೊಳ್ಳುತ್ತದೆ. ವಯಸ್ಸಾದವರಲ್ಲಿ ರೋಗವಿಲ್ಲದೆಯೂ ತುಸು ಜೋಲು ಕಾಣುತ್ತದೆ.

೧೪
ಮೋಸಹೋಗುವ ಜಾಗಗಳು. ಮೊದಲ ಸೆಕೆಂಡಿನಲ್ಲಿ ಕೆಮ್ಮು ಬಂದರೆ ಗೆರೆಗೆ ಹಲ್ಲು ಮೂಡುತ್ತದೆ. ಬೇಗ ನಿಲ್ಲಿಸಿದರೆ ಬಾಲ ಕಡಿದು ಬೀಳುತ್ತದೆ. ಒಟ್ಟು ಗಾಳಿ ಕಡಿಮೆ ಕಂಡು ಅನುಪಾತ ಸುಳ್ಳಾಗಿ ಏರುತ್ತದೆ, ರೋಗ ಮರೆಯಾಗುತ್ತದೆ.

೧೫
ಆಕೆಯ ಕೈಗೆ ಕೊಟ್ಟ ವರದಿಯಲ್ಲಿ ಇದ್ದದ್ದು ಒಂದೇ ಕುಣಿಕೆ. ಬಾಲಗಳು ಒಂದಕ್ಕೊಂದು ಕೂಡಿದ್ದು ಅದರಲ್ಲಿ ಕಾಣದು. ನಿಮ್ಮ ಮನೆಯವರು ಊದಿ ಬಂದರೆ ಮೂರೂ ಗೆರೆಗಳ ಅಚ್ಚನ್ನು ಕೇಳಿ ಪಡೆಯಿರಿ.