ಒಂದು ಕಪ್ಪು ಹೇಂಟೆ, ಹನ್ನೊಂದು ಮೊಟ್ಟೆ

ಕಳೆದ ಬೇಸಿಗೆಯಲ್ಲಿ ನಮ್ಮ ಪೈವಳಿಕೆಯ ಕಡೆ ಕೊಕ್ಕರೆ ರೋಗ ಬಂದಾಗ ನಮ್ಮ ಗೂಡಿನಲ್ಲಿ ಹದಿನಾಲ್ಕು ಕೋಳಿಗಳಿದ್ದವು. ಐದು ದಿನದಲ್ಲಿ ಹದಿಮೂರು ಹೋದವು. ಉಳಿದದ್ದು ಒಂದು ಕಪ್ಪು ಹೇಂಟೆ. ಉಮ್ಮ ಮದುವೆಯಾಗಿ ಈ ಮನೆಗೆ ಬಂದಾಗ ತವರಿನಿಂದ ತಂದ ಕೋಳಿಗಳ ಸಂತಾನದಲ್ಲಿ ಅದೊಂದೇ ಕೊನೆಯದು. ಪೇಟೆಯಲ್ಲಿ ಮರಿ ಸಿಗುತ್ತದೆ, ಕೇರಳ ಸರಕಾರದ ಫಾರಮಿನ ಮರಿಯೂ ಸಿಗುತ್ತದೆ. ಆದರೆ ಅವುಗಳಲ್ಲಿ ಹೆಚ್ಚಿನವು ಮೊಟ್ಟೆ ಇಟ್ಟು ಎದ್ದು ಹೋಗುವ ಜಾತಿ, ಕಾವು ಕೂರುವುದಿಲ್ಲ. ಉಮ್ಮನಿಗೆ ಬೇಕಾದದ್ದು ತಾನೇ ಕೂತು, ತಾನೇ ಮರಿ ಮಾಡಿ, ಗಿಡುಗ ಬಂದರೆ ರೆಕ್ಕೆ ಬಿಚ್ಚಿ ನಿಲ್ಲುವ ಕೋಳಿ. ಹಾಗಾಗಿ ಆ ಕಪ್ಪು ಹೇಂಟೆಯನ್ನು ಕಾವಿಗೆ ಕೂರಿಸುವ ಕೆಲಸ ನನ್ನ ಪಾಲಿಗೆ ಬಂತು.

ಮೊದಲ ತೊಡಕು ಹುಂಜದ್ದು. ಹುಂಜ ಇಲ್ಲದಿದ್ದರೂ ಹೇಂಟೆ ಮೊಟ್ಟೆ ಇಡುತ್ತದೆ, ಆದರೆ ಅದರಲ್ಲಿ ಮರಿ ಆಗುವುದಿಲ್ಲ. ಆಚೆಮನೆಯ ಅಕ್ಕನಲ್ಲಿ ಎರಡು ಹುಂಜ ಇತ್ತು. ಮಳೆ ಹಿಡಿತಕ್ಕೆ ಬಂದ ಅಕ್ಟೋಬರದಲ್ಲಿ ಅವರು ಒಂದನ್ನು ನಮಗೆ ಬಿಟ್ಟುಕೊಟ್ಟರು. "ಕೊಂಡು ಹೋಗಿ ಮಾರಾಯ್ರೆ, ಇಲ್ಲಿ ಎರಡೂ ಜಗಳ ಆಡಿಯೇ ದಿನ ಕಳೆಯುತ್ತವೆ" ಎಂದರು. ಹುಂಜ ಬಂದ ಮರುದಿನದ ಮೊಟ್ಟೆಯನ್ನು ನಂಬುವ ಹಾಗಿಲ್ಲ. ಮೂರು ದಿನ ಬಿಟ್ಟು ನಾಲ್ಕನೆಯ ದಿನದಿಂದ ಸಿಕ್ಕಿದವನ್ನು ಮಾತ್ರ ತೆಗೆದಿಟ್ಟೆ, ಅದಕ್ಕಿಂತ ಮುಂಚಿನದು ಅಡುಗೆಮನೆಗೆ ಹೋಯಿತು.

ಎರಡನೆಯ ತೊಡಕು ಮೊಟ್ಟೆಯ ವಯಸ್ಸು. ನಾಟಿ ಹೇಂಟೆ ದಿನಾ ಇಡುವುದಿಲ್ಲ. ಈ ಸಲ ಅದು ಹದಿನೇಳು ದಿನದಲ್ಲಿ ಹನ್ನೆರಡು ಇಟ್ಟಿತು. ಅದು ಕೂರಲು ತಯಾರಾಗುವಾಗ ಮೊದಲ ಮೊಟ್ಟೆಗೆ ಎರಡು ವಾರ ದಾಟಿರುತ್ತದೆ. ವಾರದೊಳಗಿನ ಮೊಟ್ಟೆ ಉತ್ತಮ, ಹತ್ತು ದಿನದವರೆಗೆ ಪರವಾಗಿಲ್ಲ, ಅದರ ನಂತರ ಮರಿಯಾಗುವ ಸಾಧ್ಯತೆ ದಿನದಿಂದ ದಿನಕ್ಕೆ ಇಳಿಯುತ್ತದೆ. ನಾನು ಪ್ರತಿ ಮೊಟ್ಟೆಯ ಮೇಲೆ ಪೆನ್ಸಿಲಿನಲ್ಲಿ ತಾರೀಕು ಬರೆದು, ಚಾವಡಿಯ ಮೂಲೆಯ ತಂಪಿನಲ್ಲಿ, ಅಕ್ಕಿ ಹಾಕಿದ ಪಾತ್ರೆಯಲ್ಲಿ ಚೂಪು ತುದಿ ಕೆಳಗೆ ಮಾಡಿ ಇಟ್ಟಿದ್ದೆ. ಫ್ರಿಜ್ಜಿನಲ್ಲಿ ಇಡಲಿಲ್ಲ, ತೊಳೆಯಲೂ ಇಲ್ಲ. ತೊಳೆದರೆ ಸಿಪ್ಪೆಯ ಮೇಲಿನ ತೆಳು ಲೇಪ ಹೋಗಿ ಒಳಗೆ ರೋಗಾಣು ಸೇರಲು ದಾರಿಯಾಗುತ್ತದೆ. ಹತ್ತು ದಿನದೊಳಗಿನವು ಏಳು ಸಿಕ್ಕಿದವು. ಟಾರ್ಚಿನ ಮುಂದೆ ಹಿಡಿದಾಗ ಒಂದರಲ್ಲಿ ಕೂದಲೆಳೆಯಂಥ ಬಿರುಕು ಕಂಡಿತು, ಅದನ್ನು ಬಿಟ್ಟೆ. ಉಳಿದ ಆರಕ್ಕೆ ಅಕ್ಕನ ಮನೆಯ ಹೊಸ ಮೊಟ್ಟೆ ಐದು ಸೇರಿಸಿ ಹನ್ನೊಂದು ಮಾಡಿದೆ. ಹೇಂಟೆ ಚಿಕ್ಕದು, ಅದಕ್ಕಿಂತ ಹೆಚ್ಚು ಅದರ ಹೊಟ್ಟೆಯಡಿ ಹಿಡಿಯುವುದಿಲ್ಲ. ಹದಿನೈದು ಇಟ್ಟರೆ ಹದಿನೈದು ಮರಿ ಎಂದು ಲೆಕ್ಕ ಹಾಕುವವರಿದ್ದಾರೆ. ಆದರೆ ಹೇಂಟೆ ಮೊಟ್ಟೆಗಳನ್ನು ಕೊಕ್ಕಿನಿಂದ ಹೊರಗೂ ಒಳಗೂ ಸರಿಸುತ್ತಲೇ ಇರುತ್ತದೆ. ಇವತ್ತು ಅಂಚಿನಲ್ಲಿ ತಣ್ಣಗಾದದ್ದು ನಾಳೆ ನಡುವೆ, ನಡುವಿನದು ಅಂಚಿಗೆ. ಹೀಗೆ ಒಂದೊಂದಾಗಿ ಎಲ್ಲವೂ ಕೆಡುತ್ತವೆ.

ಹೇಂಟೆ ಗೂಡಿನಲ್ಲಿ ಕೂತ ಕೂಡಲೇ ಕಾವು ಬಂದಿದೆ ಎಂದು ತಿಳಿಯಬಾರದು. ಮೊಟ್ಟೆ ಇಡಲೂ ಅದು ಒಂದೊಂದು ಗಂಟೆ ಕೂರುತ್ತದೆ. ಕಾವು ಬಂದ ಹೇಂಟೆ ರಾತ್ರಿಯೂ ಗೂಡು ಬಿಡುವುದಿಲ್ಲ, ಕೈ ಹತ್ತಿರ ತಂದರೆ ಗರಿ ಉಬ್ಬಿಸಿ ಗುರುಗುಟ್ಟುತ್ತದೆ, ಎದೆಯ ಗರಿ ಉದುರಿ ಚರ್ಮ ಬಿಸಿಯಾಗಿರುತ್ತದೆ, ಕೆಳಗಿಳಿದಾಗ ಕೊಕ್ ಕೊಕ್ ಎಂದು ಒಂದೇ ಸಮನೆ ಸದ್ದು ಮಾಡುತ್ತಾ ತಿರುಗುತ್ತದೆ. ಬೇಡದ ಎರಡು ಹಳೆಯ ಮೊಟ್ಟೆಗಳನ್ನು ಅಡಿಯಲ್ಲಿಟ್ಟು ಮೂರು ರಾತ್ರಿ ನೋಡಿದೆ. ಮೂರು ರಾತ್ರಿಯೂ ಅದು ಅಲ್ಲೇ ಇತ್ತು.

ಆ ಮೂರು ದಿನದಲ್ಲೇ ಹೇನಿನ ಕೆಲಸ ಮುಗಿಸಬೇಕು. ಇದನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಇಪ್ಪತ್ತೊಂದು ದಿನ ಒಂದೇ ಕಡೆ ಬೆಚ್ಚಗೆ ಕೂರುವ ಕೋಳಿ ಎಂದರೆ ಹೇನಿಗೆ ಹಬ್ಬ. ತುರಿಕೆ ತಾಳದೆ ಹೇಂಟೆ ನಡುವೆ ಎದ್ದು ಹೋಗುವುದಕ್ಕೆ, ಹುಟ್ಟಿದ ಮರಿ ಬಿಳಿಚಿಕೊಂಡು ಸಾಯುವುದಕ್ಕೆ ಬಹಳ ಸಲ ಇದೇ ಕಾರಣ. ರೆಕ್ಕೆಯಡಿ, ಗುದದ ಸುತ್ತ ಗರಿ ಸರಿಸಿ ನೋಡಿ, ಜರಡಿ ಹಿಡಿದ ಒಲೆಬೂದಿಯನ್ನು ಬುಡದವರೆಗೆ ತಿಕ್ಕಿದೆ. ಹಳೆಯ ಗೂಡಿನ ಹುಲ್ಲನ್ನೆಲ್ಲ ಸುಟ್ಟುಹಾಕಿದೆ. ಹೊಸ ಗೂಡಿಗೆ ಅಗಲ ಬಾಯಿಯ ಬುಟ್ಟಿ ತೆಗೆದುಕೊಂಡು, ಅಡಿಗೆ ನಾಲ್ಕು ಬೆರಳು ಹೊಯಿಗೆ, ಮೇಲೆ ಬೂದಿ, ಅದರ ಮೇಲೆ ಒಣ ಬೈಹುಲ್ಲು. ನಡುವೆ ತಟ್ಟೆಯ ಹಾಗೆ ಸ್ವಲ್ಪ ತಗ್ಗು ಮಾಡಬೇಕು. ತಗ್ಗು ಹೆಚ್ಚಾದರೆ ಮೊಟ್ಟೆಯ ಮೇಲೆ ಮೊಟ್ಟೆ ಏರಿ ಒಡೆಯುತ್ತದೆ, ಇಲ್ಲದಿದ್ದರೆ ಉರುಳಿ ಹೊರಗೆ ಹೋಗುತ್ತದೆ. ಬುಟ್ಟಿಯನ್ನು ಸೌದೆ ಕೊಟ್ಟಿಗೆಯ ಕತ್ತಲ ಮೂಲೆಯಲ್ಲಿ ಇಟ್ಟೆ.

ಉಮ್ಮ ಹುಲ್ಲಿನೊಳಗೆ ಒಂದು ಕಬ್ಬಿಣದ ಮೊಳೆಯನ್ನೂ ಒಂದು ತುಂಡು ಇದ್ದಿಲನ್ನೂ ಸೇರಿಸಿದರು. ಗುಡುಗಿಗೆ ಮೊಟ್ಟೆ ಹಾಳಾಗಬಾರದು ಎಂದು. ನವೆಂಬರದಲ್ಲೂ ನಮ್ಮಲ್ಲಿ ಸಂಜೆಯ ಗುಡುಗು ಉಂಟು. ಮೊಳೆಯಿಂದ ಏನೂ ಆಗುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಗುಡುಗಿನ ದಿನ ಕೆಟ್ಟಿತು ಎನ್ನುವ ಮೊಟ್ಟೆ ಹೆಚ್ಚಾಗಿ ಮಳೆನೀರು ಸೋರಿ ಒದ್ದೆಯಾದದ್ದು, ಇಲ್ಲವೇ ಮೊದಲೇ ಸತ್ತದ್ದು. ಆದರೂ ಮೊಳೆ ತೆಗೆಯಲಿಲ್ಲ. ಅದು ಮೊಟ್ಟೆಗೆ ತಾಗದ ಹಾಗೆ ಕೆಳಗೆ ಒತ್ತಿದೆ.

ನವೆಂಬರ 6ರ ರಾತ್ರಿ, ಕತ್ತಲಾದ ಮೇಲೆ ಹಳೆಯ ಮೊಟ್ಟೆ ತೆಗೆದು ಹನ್ನೊಂದನ್ನೂ ಒಟ್ಟಿಗೇ ಇಟ್ಟೆ. ಒಟ್ಟಿಗೇ ಇಡುವುದು ಮುಖ್ಯ. ಇವತ್ತು ಐದು, ನಾಡಿದ್ದು ಆರು ಎಂದು ಇಟ್ಟರೆ ಮೊದಲ ಮರಿ ಬಂದ ಕೂಡಲೇ ಹೇಂಟೆ ಅವನ್ನು ಕರೆದುಕೊಂಡು ಇಳಿಯುತ್ತದೆ, ಉಳಿದವು ತಣ್ಣಗಾಗಿ ಸಾಯುತ್ತವೆ. ರಾತ್ರಿ ಕೂರಿಸಿದ ಕೋಳಿ ಬೆಳಗಾಗುವುದರೊಳಗೆ ಜಾಗಕ್ಕೆ ಹೊಂದಿಕೊಂಡಿರುತ್ತದೆ.

ಆಮೇಲೆ ದಿನಕ್ಕೊಮ್ಮೆ ಅದು ಇಳಿಯುವುದನ್ನು ನೋಡಿಕೊಳ್ಳುವುದಷ್ಟೇ ಕೆಲಸ. ಬೆಳಿಗ್ಗೆ ಹತ್ತು ಗಂಟೆಗೆ ಇಳಿದು, ಭತ್ತ ತಿಂದು, ನೀರು ಕುಡಿದು, ದೊಡ್ಡದೊಂದು ನಾರುವ ಹಿಕ್ಕೆ ಹಾಕಿ, ಮಣ್ಣಿನಲ್ಲಿ ಹೊರಳಿ ಕಾಲು ಗಂಟೆಯಲ್ಲಿ ಹಿಂದೆ ಬರುತ್ತಿತ್ತು. ಅಷ್ಟು ಹೊತ್ತಿನಲ್ಲಿ ಮೊಟ್ಟೆಗೆ ಏನೂ ಆಗುವುದಿಲ್ಲ. ಕೆಲವು ಹೇಂಟೆಗಳು ಇಳಿಯುವುದೇ ಇಲ್ಲ. ಅಂಥದ್ದನ್ನು ಎತ್ತಿ ಹೊರಗೆ ಬಿಡಬೇಕು, ಎತ್ತುವಾಗ ರೆಕ್ಕೆಯಡಿ ಮೊಟ್ಟೆ ಸಿಕ್ಕಿಕೊಂಡಿದೆಯೇ ಎಂದು ಕೈ ಹಾಕಿ ನೋಡಬೇಕು. ಒಂಬತ್ತನೆಯ ದಿನ ಅದು ಹೊರಗಿದ್ದಾಗ ಗೂಡಿನಲ್ಲಿ ತಾರೀಕಿಲ್ಲದ ಒಂದು ಬಿಳಿ ಮೊಟ್ಟೆ ಕಂಡಿತು. ಅಕ್ಕನ ಮನೆಯ ಯಾವುದೋ ಹೇಂಟೆ ಬಂದು ಇಟ್ಟು ಹೋಗಿತ್ತು. ಪೆನ್ಸಿಲ್ ಗುರುತು ಇದ್ದದ್ದರಿಂದ ಆ ಹೊತ್ತಿಗೇ ಗೊತ್ತಾಯಿತು.

ಏಳನೆಯ ರಾತ್ರಿ ಮೊಬೈಲಿನ ಟಾರ್ಚ್ ಮೇಲೆ ಮೊಟ್ಟೆಯ ದಪ್ಪ ತುದಿ ಇಟ್ಟು ಒಂದೊಂದಾಗಿ ನೋಡಿದೆ. ಜೀವ ಇದ್ದದ್ದರಲ್ಲಿ ಒಂದು ಕಪ್ಪು ಚುಕ್ಕೆ, ಅದರಿಂದ ಜೇಡನ ಕಾಲಿನಂತೆ ಹರಡಿದ ಕೆಂಪು ನರಗಳು. ಎರಡು ಮೊಟ್ಟೆ ಹೊಸದರ ಹಾಗೆ ತಿಳಿಯಾಗಿದ್ದವು, ಅವುಗಳಲ್ಲಿ ಬೀಜವೇ ಇರಲಿಲ್ಲ. ಇನ್ನೊಂದರಲ್ಲಿ ನರಗಳಿಲ್ಲದೆ ರಕ್ತದ ಉಂಗುರ ಮಾತ್ರ, ಎಂದರೆ ಬೆಳೆಯಲು ತೊಡಗಿ ಸತ್ತದ್ದು. ಮೂರನ್ನೂ ತೆಗೆದೆ. ಸತ್ತ ಮೊಟ್ಟೆ ಕೊಳೆತು ಗೂಡಿನಲ್ಲೇ ಒಡೆದರೆ ಉಳಿದವಕ್ಕೂ ಆಪತ್ತು. ಹದಿನಾಲ್ಕನೆಯ ರಾತ್ರಿ ಉಳಿದ ಎಂಟೂ ಒಳಗೆ ಕಪ್ಪಾಗಿ, ದಪ್ಪ ತುದಿಯಲ್ಲಿ ಗಾಳಿಯ ಜಾಗ ಮಾತ್ರ ಬೆಳಕಾಗಿ ಕಂಡವು. ಹದಿನೆಂಟನೆಯ ದಿನದ ನಂತರ ಗೂಡಿಗೆ ಕೈ ಹಾಕಲಿಲ್ಲ.

26ರ ಸಂಜೆ ಒಳಗಿನಿಂದ ಚೀಂವ್ ಸದ್ದು, ಒಂದರ ಮೇಲೆ ನಕ್ಷತ್ರದಂಥ ಸೀಳು. ಸೀಳಿನಿಂದ ಹೊರಬರಲು ಅರ್ಧ ದಿನವೂ ಹಿಡಿಯುತ್ತದೆ, ಒಂದು ದಿನವೂ ಹಿಡಿಯುತ್ತದೆ. ಈ ಹೊತ್ತಿನಲ್ಲಿ ಮರಿ ಸಿಪ್ಪೆಯ ಒಳಪೊರೆಯ ರಕ್ತವನ್ನೂ ಉಳಿದ ಹಳದಿಯನ್ನೂ ಹೊಟ್ಟೆಯೊಳಗೆ ಎಳೆದುಕೊಳ್ಳುತ್ತಿರುತ್ತದೆ. ಕನಿಕರದಿಂದ ಸಿಪ್ಪೆ ಬಿಡಿಸಿದರೆ ರಕ್ತ ಸೋರಿ ಸಾಯುತ್ತದೆ. ಮರುದಿನ ಆರು ಬಂದವು, 28ರ ಬೆಳಿಗ್ಗೆ ಏಳನೆಯದು. ಎಂಟನೆಯದು ಸೀಳು ಬಿಟ್ಟು ಒಳಗೇ ಸತ್ತಿತ್ತು.

ಹೊಟ್ಟೆಯಲ್ಲಿ ಹಳದಿ ಇರುವುದರಿಂದ ಮರಿಗೆ ಮೊದಲ ದಿನ ತಿನ್ನಲು ಏನೂ ಬೇಡ. ಹೇಂಟೆ ತಾನಾಗಿ ಇಳಿದ ಮೇಲೆ ಮೊದಲು ನೀರು, ಆಮೇಲೆ ಆಹಾರ. ನೀರನ್ನು ಚಪ್ಪಟೆ ಬಸಿಯಲ್ಲಿ ಕಲ್ಲುಹರಳು ತುಂಬಿ ಇಟ್ಟೆ, ಇಲ್ಲದಿದ್ದರೆ ಮರಿ ಮುಳುಗುತ್ತದೆ. ಬರೀ ಕಡಿಯಕ್ಕಿ ಹಾಕಿದರೆ ಹೊಟ್ಟೆ ತುಂಬುತ್ತದೆ, ಗರಿ ಬರುವುದಿಲ್ಲ. ಪೇಟೆಯ ಮರಿ ಫೀಡಿನ ಜತೆಗೆ ತೋಟದಿಂದ ಗೆದ್ದಲು ಹಿಡಿದ ಅಡಿಕೆ ಹಾಳೆ ತಂದು ಕೊಡವಿದೆ. ಹೇಂಟೆ ಒಂದೊಂದನ್ನೇ ಕೊಕ್ಕಿನಲ್ಲಿ ಎತ್ತಿ ಬೀಳಿಸಿ ಕರೆಯುತ್ತಿತ್ತು. ಯಂತ್ರದಲ್ಲಿ ಹುಟ್ಟಿದ ಮರಿಗೆ ಸಿಗದ ಪಾಠ ಇದು.

ಹತ್ತು ದಿನ ತಾಯಿ ಮರಿಗಳನ್ನು ಮಗುಚಿ ಹಾಕಿದ ಬುಟ್ಟಿಯಡಿ ಇಟ್ಟು, ಬಿಸಿಲು ಏರಿದ ಮೇಲೆ ನಾನು ಎದುರಿಗಿರುವಾಗ ಮಾತ್ರ ಬಿಡುತ್ತಿದ್ದೆ. ಗಿಡುಗಕ್ಕೆ ಹೇಂಟೆ ಸಾಕು, ಕಾಗೆಗೆ ಸಾಲದು. ಒಂದು ಕಾಗೆ ಎದುರಿನಿಂದ ರೇಗಿಸುತ್ತದೆ, ಇನ್ನೊಂದು ಹಿಂದಿನಿಂದ ಎತ್ತುತ್ತದೆ. ಒಂದು ಮರಿ ಹಾಗೆಯೇ ಹೋಯಿತು.

ಏಳನೆಯ ದಿನ ಲಸಿಕೆ. ಹದಿಮೂರು ಕೋಳಿ ಕಳಕೊಂಡ ಮನೆಯಲ್ಲಿ ಇದನ್ನು ಬಿಡುವ ಮಾತೇ ಇರಲಿಲ್ಲ. ಕೊಕ್ಕರೆ ರೋಗಕ್ಕೆ ಮದ್ದಿಲ್ಲ, ಲಸಿಕೆ ಮಾತ್ರ. ಆದರೆ ಅದರ ಬಾಟಲಿ ನೂರು ಮರಿಯ ಲೆಕ್ಕದ್ದು, ಕರಗಿಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು. ಏಳು ಮರಿಗೆ ಒಂದು ಬಾಟಲಿ ಯಾರು ತರುತ್ತಾರೆ? ಅಕ್ಕ ಸುತ್ತಿನ ಐದು ಮನೆಯವರಿಗೆ ಹೇಳಿದರು. ನಾನು ಫ್ಲಾಸ್ಕಿನಲ್ಲಿ ಐಸ್ ತುಂಬಿ ಬಾಟಲಿ ತಂದೆ, ಎಲ್ಲರೂ ತಂತಮ್ಮ ಮರಿಗಳನ್ನು ಪೆಟ್ಟಿಗೆಯಲ್ಲಿ ಹೊತ್ತು ನಮ್ಮ ಅಂಗಳಕ್ಕೆ ಬಂದರು. ಕಣ್ಣಿಗೆ ಒಂದೊಂದು ಹನಿ, ಮರಿ ರೆಪ್ಪೆ ಮುಚ್ಚಿ ತೆರೆಯುವ ತನಕ ಕೈಯಲ್ಲೇ. ತೂಕಡಿಸುವ ಎರಡು ಮರಿಗಳಿಗೆ ಹಾಕಲಿಲ್ಲ. ನಾಲ್ಕನೆಯ ವಾರ ಇನ್ನೊಮ್ಮೆ ಹನಿ, ಎಂಟನೆಯ ವಾರ ರೆಕ್ಕೆಯಡಿ ಸೂಜಿ.

ನಡುವೆ ಒಂದು ಮರಿಯ ಹಿಕ್ಕೆಯಲ್ಲಿ ರಕ್ತ ಕಂಡಾಗ ಉಮ್ಮ ಹೆದರಿದರು. ಇದು ಬೇರೆ ರೋಗ, ಒದ್ದೆ ನೆಲದಲ್ಲಿ ಮೂರನೆಯ ವಾರದ ನಂತರ ಬರುವ ರಕ್ತಭೇದಿ. ಮೃಗಾಸ್ಪತ್ರೆಯಿಂದ ನೀರಿಗೆ ಬೆರೆಸುವ ಮದ್ದು ತಂದು ಐದು ದಿನ ಕೊಟ್ಟೆ, ಗೂಡಿನ ಅಡಿಯ ಮರದ ಹೊಟ್ಟನ್ನೆಲ್ಲ ತೆಗೆದು ಒಣಗಿದ್ದು ಹಾಸಿದೆ. ನಮ್ಮ ಮಳೆಗಾಲದಲ್ಲಿ ಕೂರಿಸಿದ ಮರಿಗಳು ಹೆಚ್ಚಾಗಿ ಹೋಗುವುದು ಚಳಿಗೂ ಇದಕ್ಕೂ. ಹಾಗಾಗಿಯೇ ಜೂನ್‌ನಲ್ಲಿ ಕಾವು ಬಂದ ಹೇಂಟೆಯನ್ನು ನಾವು ಕೂರಿಸುವುದಿಲ್ಲ.

ಜನವರಿ ಕೊನೆಗೆ ಕಪ್ಪು ಹೇಂಟೆ ಮರಿಗಳನ್ನು ಕುಕ್ಕಿ ಓಡಿಸಲು ತೊಡಗಿತು. ಜುಟ್ಟು ಕೆಂಪಾದವು ಎರಡು, ಅವು ಹುಂಜ. ನಾಲ್ಕು ಹೇಂಟೆ. ಅದರಲ್ಲಿ ಒಂದು ತಾಯಿಯಷ್ಟೇ ಕಪ್ಪು. ಹುಂಜವೊಂದನ್ನು ಅಕ್ಕನ ಮನೆಗೆ ಕೊಟ್ಟೆವು, ಅವರ ಹುಂಜ ಇನ್ನೂ ನಮ್ಮಲ್ಲೇ ಉಂಟು.